ಕಾಡ್ಗಿಚ್ಚಿನ ಸುದ್ದಿಯೊಂದು ಕನ್ನಡಕ್ಕೆ ಬಂದದ್ದು ಹೀಗೆ

‘ರಾಜ್ಯಪಾಲರು ತುರ್ತು ಪರಿಸ್ಥಿತಿ ಘೋಷಿಸಿದ್ದಾರೆ.’

ನಾನು ಬರೆದ ಮೊದಲ ವಾಕ್ಯ ಇದು. ಅಮೆರಿಕದ ಪಶ್ಚಿಮದ ಗುಡ್ಡಗಾಡು ರಾಜ್ಯವೊಂದರಲ್ಲಿ ಕಾಡ್ಗಿಚ್ಚು ಹಬ್ಬಿತ್ತು. ಶನಿವಾರ ಹೊತ್ತಿಕೊಂಡ ಬೆಂಕಿ ಸೋಮವಾರ ರಾತ್ರಿ ಊರೊಂದಕ್ಕೆ ನುಗ್ಗಿತ್ತು. ಮಂಗಳವಾರ ರಾತ್ರಿ ಪಾಳಿಯಲ್ಲಿ ಸುದ್ದಿ ಏಜೆನ್ಸಿಯ ಇಂಗ್ಲಿಷ್ ವರದಿ, ಅಂದರೆ ಕಾಪಿ, ನನ್ನ ಕೈಗೆ ಬಂತು. ವಿದೇಶ ಪುಟ ಬಿಡಲು ಒಂದು ಗಂಟೆಯೂ ಇರಲಿಲ್ಲ. ಗವರ್ನರ್ ಅಂದರೆ ರಾಜ್ಯಪಾಲ, ಸ್ಟೇಟ್ ಆಫ್ ಎಮರ್ಜೆನ್ಸಿ ಅಂದರೆ ತುರ್ತು ಪರಿಸ್ಥಿತಿ. ನಿಘಂಟು ತೆಗೆದು ನೋಡಿದರೆ ಎರಡೂ ಸರಿ.

ಪುಟದ ಪ್ರೂಫ್ ನೋಡುತ್ತಿದ್ದ ಹಿರಿಯರು ಅಲ್ಲೇ ಬೆರಳಿಟ್ಟು ಕೇಳಿದರು: ‘ಏನಪ್ಪಾ, ಬೆಂಕಿ ಬಿತ್ತು ಅಂತ ಅಲ್ಲಿ ಸರ್ಕಾರಾನೇ ವಜಾ ಮಾಡಿಬಿಟ್ರಾ?’

ಅವರು ಓದಿದ್ದು ನಮ್ಮ ಓದುಗರು ಓದುವ ಹಾಗೆಯೇ. ನಮಗೆ ರಾಜ್ಯಪಾಲರು ಅಂದರೆ ಕೇಂದ್ರದ ಸಲಹೆಯಂತೆ ರಾಷ್ಟ್ರಪತಿ ನೇಮಿಸುವವರು. ಅಲ್ಲಿನ ಗವರ್ನರ್ ಜನರೇ ಮತ ಹಾಕಿ ಆರಿಸಿದ, ರಾಜ್ಯದ ಆಡಳಿತ ನಡೆಸುವ ವ್ಯಕ್ತಿ. ಇನ್ನು ತುರ್ತು ಪರಿಸ್ಥಿತಿ ಅಂದ ಕೂಡಲೇ ಇಲ್ಲಿನವರಿಗೆ ನೆನಪಾಗುವುದು 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗಿನ ದಿನಗಳು, ಪತ್ರಿಕೆಗಳ ಮೇಲಿನ ಸೆನ್ಸಾರ್, ವಿಚಾರಣೆಯಿಲ್ಲದ ಬಂಧನ. ಅಲ್ಲಿನ ಘೋಷಣೆಯ ಕೆಲಸವೇ ಬೇರೆ. ಪರಿಹಾರಕ್ಕೆ ಬೇಗ ಹಣ ಬಿಡುಗಡೆ ಮಾಡಲು, ಸಿಬ್ಬಂದಿಯನ್ನು ಕಳಿಸಲು, ಕೇಂದ್ರದ ನೆರವು ಕೇಳಲು ಅದು ದಾರಿ ಮಾಡುತ್ತದೆ. ನನ್ನ ವಾಕ್ಯದಲ್ಲಿ ಒಂದೊಂದು ಪದವೂ ಸರಿಯಿತ್ತು. ಓದಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ಪೂರ್ತಿ ತಪ್ಪಾಗಿತ್ತು.

ಹಾಗಂತ ‘ಮುಖ್ಯಮಂತ್ರಿ’ ಎಂದು ಬರೆಯುವ ಹಾಗೂ ಇಲ್ಲ. ಅಲ್ಲಿ ಆ ಹೆಸರಿನ ಹುದ್ದೆಯೇ ಇಲ್ಲ. ಹಾಗಾಗಿ ಗವರ್ನರ್ ಎಂಬ ಪದವನ್ನೇ ಉಳಿಸಿಕೊಂಡು, ‘ರಾಜ್ಯ ಸರ್ಕಾರದ ಮುಖ್ಯಸ್ಥರೂ ಆದ ಗವರ್ನರ್, ಪರಿಹಾರ ಕಾರ್ಯ ಚುರುಕುಗೊಳಿಸಲು ವಿಶೇಷ ಅಧಿಕಾರ ಬಳಸುವ ಆದೇಶ ಹೊರಡಿಸಿದ್ದಾರೆ’ ಎಂದು ತಿದ್ದಿದೆ. ನಾಲ್ಕಾರು ಪದ ಜಾಸ್ತಿಯಾಯಿತು. ಆ ಜಾಗವನ್ನು ಬೇರೆ ಕಡೆ ಕತ್ತರಿಸಿ ಸರಿದೂಗಿಸಿದೆ. ಅಂದಿನಿಂದ ಹುದ್ದೆಯ ಹೆಸರು ಬಂದಾಗಲೆಲ್ಲ ಆ ವ್ಯಕ್ತಿ ಅಲ್ಲಿ ಏನು ಕೆಲಸ ಮಾಡುತ್ತಾರೆ ಎಂದು ಮೊದಲು ನೋಡುತ್ತೇನೆ. ಬ್ರಿಟನ್ನಿನ ಹೋಮ್ ಸೆಕ್ರೆಟರಿಯನ್ನು ‘ಗೃಹ ಕಾರ್ಯದರ್ಶಿ’ ಎಂದು ಬರೆದರೆ ನಮ್ಮವರು ಐಎಎಸ್ ಅಧಿಕಾರಿ ಅಂದುಕೊಳ್ಳುತ್ತಾರೆ. ಆದರೆ ಅವರು ಗೃಹ ಸಚಿವರು.

ಅದೇ ಕಾಪಿಯಲ್ಲಿ ಇನ್ನೊಂದು ಮಾತಿತ್ತು: ಬೆಂಕಿ ಶೇ 30ರಷ್ಟು ‘ಕಂಟೈನ್ಡ್’ ಆಗಿದೆ ಎಂದು. ನಾನು ‘ಶೇ 30ರಷ್ಟು ಬೆಂಕಿ ನಂದಿಸಲಾಗಿದೆ’ ಎಂದು ಬರೆದಿದ್ದೆ. ಇಲ್ಲಿ ಯಾರೂ ಬೆರಳಿಡಲಿಲ್ಲ, ಯಾಕೆಂದರೆ ಓದಲು ಚೆನ್ನಾಗಿಯೇ ಇತ್ತು. ಇಂಥ ತಪ್ಪಿಗೆ ನಾನು ಹೆಚ್ಚು ಹೆದರುತ್ತೇನೆ. ನನ್ನನ್ನು ನಿಲ್ಲಿಸಿದ್ದು ಕಾಪಿಯ ಕೆಳಗಿನ ಒಂದು ಸಾಲು. ಎಕರೆಗಳ ಲೆಕ್ಕ ಹಿಂದಿನ ದಿನಕ್ಕಿಂತ ಏರಿತ್ತು, ಕಂಟೈನ್ ಆದ ಪ್ರಮಾಣವೂ ಏರಿತ್ತು. ಬೆಂಕಿ ನಂದುತ್ತಲೂ ಇದೆ, ಹಬ್ಬುತ್ತಲೂ ಇದೆ ಅಂದರೆ ಹೇಗೆ?

ಹುಡುಕಿದಾಗ ಗೊತ್ತಾಯಿತು. ಆ ಶೇಕಡಾ ಲೆಕ್ಕ ಬೆಂಕಿಯದ್ದಲ್ಲ, ಬೆಂಕಿಯ ಅಂಚಿನದು. ಸುಡುತ್ತಿರುವ ಪ್ರದೇಶದ ಸುತ್ತಳತೆಯಲ್ಲಿ ಎಷ್ಟು ಉದ್ದಕ್ಕೆ, ಬೆಂಕಿ ದಾಟಿ ಹೋಗದಂಥ ಭದ್ರವಾದ ತಡೆ ಸಿದ್ಧವಾಗಿದೆ ಎಂಬುದನ್ನು ಅದು ಹೇಳುತ್ತದೆ. ಒಳಗಿನ ಕಾಡು ಇನ್ನೂ ಉರಿಯುತ್ತಲೇ ಇರಬಹುದು. ಅದನ್ನು ಹೇಳಲು ಕನ್ನಡದಲ್ಲಿ ಪದವೂ ಇದೆ. ಕಾಡಂಚಿನ ಜನ, ಅರಣ್ಯ ಸಿಬ್ಬಂದಿ ದಿನಾ ಬಳಸುವ ‘ಬೆಂಕಿ ರೇಖೆ’. ಆದರೆ ಅದು ಸಾಮಾನ್ಯವಾಗಿ ಬೇಸಿಗೆಗೆ ಮುಂಚೆಯೇ ಗಿಡಗಂಟಿ ತೆಗೆದು ಮಾಡಿಟ್ಟುಕೊಳ್ಳುವ ಪಟ್ಟಿ. ಇಲ್ಲಿ ತಡೆ ಅಂದರೆ ಆಗತಾನೆ ಕಡಿದ ಪಟ್ಟಿಯೂ ಆಗಬಹುದು, ರಸ್ತೆಯೋ ಹೊಳೆಯೋ ಆಗಬಹುದು. ಹಾಗಾಗಿ ‘ಬೆಂಕಿಯ ಸುತ್ತಳತೆಯಲ್ಲಿ ಶೇ 30ರಷ್ಟು ಭಾಗಕ್ಕೆ ಮಾತ್ರ ತಡೆ ಹಾಕಲು ಸಾಧ್ಯವಾಗಿದೆ’ ಎಂದು ಬರೆದೆ.

ಅಳತೆಗಳ ವಿಷಯಕ್ಕೆ ಬಂದರೆ, ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಸುಟ್ಟಿದ್ದು 25 ಸಾವಿರ ಎಕರೆ. ಎಕರೆ ನಮ್ಮವರಿಗೂ ಗೊತ್ತು, ಅಳತೆಯೂ ಅದೇ. ಸುಮ್ನೆ ಬಿಟ್ಟೆ. ಯುರೋಪಿನಿಂದ ಬರುವ ಕಾಪಿಯಲ್ಲಿ ಹೆಕ್ಟೇರ್ ಇದ್ದರೆ ಎರಡೂವರೆಯಿಂದ ಗುಣಿಸಿ ಎಕರೆ ಮಾಡುತ್ತೇನೆ, ಹಿಂದೆ ‘ಸುಮಾರು’ ಸೇರಿಸುತ್ತೇನೆ. ಈ ಕಾಪಿಯಲ್ಲಿ ಪಕ್ಕಕ್ಕೆ ‘ಮ್ಯಾನ್‌ಹಟನ್‌ನ ಸುಮಾರು ಎರಡು ಪಟ್ಟು’ ಎಂಬ ಹೋಲಿಕೆ ಇತ್ತು. ಮ್ಯಾನ್‌ಹಟನ್ ನೋಡದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. 25 ಸಾವಿರ ಎಕರೆ ಅಂದರೆ ಹೆಚ್ಚು ಕಡಿಮೆ 100 ಚದರ ಕಿಲೋಮೀಟರ್. ‘10 ಕಿ.ಮೀ ಉದ್ದ, 10 ಕಿ.ಮೀ ಅಗಲದಷ್ಟು ಜಾಗ’ ಎಂದು ಬರೆದೆ. ನಡೆದವರಿಗೆ, ಬೈಕ್ ಓಡಿಸಿದವರಿಗೆ ಅದು ಕಣ್ಣಿಗೆ ಕಟ್ಟುತ್ತದೆ. ‘ಸುಮಾರು 100 ಮೈಲಿ ದೂರದ ನಗರಕ್ಕೂ ಹೊಗೆ’ ಎಂದಿದ್ದನ್ನು 160 ಕಿ.ಮೀ ಮಾಡಿದೆ. ಕ್ಯಾಲ್ಕುಲೇಟರ್ 160.9 ಎಂದು ತೋರಿಸುತ್ತದೆ. ಆದರೆ ಮೂಲದಲ್ಲೇ ಅಂದಾಜಾಗಿದ್ದದ್ದು ನನ್ನ ಕೈಯಲ್ಲಿ ಕರಾರುವಾಕ್ಕಾಗಲು ಸಾಧ್ಯವಿಲ್ಲ, ಅಲ್ವಾ?

ನಾನು ನಿಜಕ್ಕೂ ಎಡವಿದ್ದು ಉಷ್ಣಾಂಶದಲ್ಲಿ. ತಂಪು ಗಾಳಿ ಬೀಸಿ ಉಷ್ಣಾಂಶ 40 ಡಿಗ್ರಿ ಇಳಿಯಲಿದೆ ಎಂದಿತ್ತು. ಫ್ಯಾರನ್‌ಹೀಟ್ ಲೆಕ್ಕ. ಫೋನಿನಲ್ಲಿ 40 ಹಾಕಿದೆ, 4.4 ಸೆಲ್ಸಿಯಸ್ ಬಂತು. ‘4.4 ಡಿಗ್ರಿ ಇಳಿಯಲಿದೆ’ ಎಂದು ಬರೆದುಬಿಟ್ಟೆ. ಫೋನು ಹೇಳಿದ್ದು 40 ಡಿಗ್ರಿ ಎಂಬ ಉಷ್ಣಾಂಶದ ಲೆಕ್ಕ. ಅದಕ್ಕೆ 32 ಕಳೆಯಬೇಕು. ಇಲ್ಲಿ ಇದ್ದದ್ದು ಎಷ್ಟು ಇಳಿಯಿತು ಎಂಬ ವ್ಯತ್ಯಾಸ. ವ್ಯತ್ಯಾಸಕ್ಕೆ 32 ಕಳೆಯುವ ಹಾಗಿಲ್ಲ, ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದರೆ ಮುಗಿಯಿತು. ಸರಿಯಾದ ಉತ್ತರ 22 ಡಿಗ್ರಿ. ವ್ಯತ್ಯಾಸ ಹತ್ತೋ ಹದಿನೈದೋ ಡಿಗ್ರಿ ಇದ್ದಿದ್ದರೆ ಫೋನು ಮೈನಸ್ ತೋರಿಸುತ್ತಿತ್ತು, ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. 4.4 ನಂಬುವಂಥ ಸಂಖ್ಯೆ. ಅದಕ್ಕೇ ಸಿಕ್ಕಿಬೀಳಲಿಲ್ಲ. ಮುಂದಿನ ಪ್ಯಾರಾದಲ್ಲಿ ಹಿಮ ಬೀಳುವ ಮುನ್ಸೂಚನೆ ಓದಿದಾಗ ಅನುಮಾನ ಬಂತು. ಬಿರುಬಿಸಿಲಿನ ದಿನ ನಾಲ್ಕು ಡಿಗ್ರಿ ಇಳಿದರೆ ಹಿಮ ಎಲ್ಲಿಂದ ಬರಬೇಕು?

ಹಣದ ಲೆಕ್ಕಕ್ಕೆ ನನ್ನ ದಾರಿ ಸರಳ. ಹಳೆಯ ಬೆಂಕಿಯೊಂದರ ನಷ್ಟ 1.2 ಬಿಲಿಯನ್ ಡಾಲರ್ ಎಂದಿತ್ತು. ಸೊನ್ನೆಗಳನ್ನೆಲ್ಲ ಬರೆಯುತ್ತೇನೆ: 1200000000. ಬಲದಿಂದ ಮೊದಲು ಮೂರು, ಆಮೇಲೆ ಎರಡೆರಡು ಬಿಟ್ಟು ಅಲ್ಪವಿರಾಮ ಹಾಕುತ್ತೇನೆ: 1,20,00,00,000. 120 ಕೋಟಿ ಡಾಲರ್. ಬಾಯಿಲೆಕ್ಕ ಮಾಡಿದರೆ ಅವಸರದಲ್ಲಿ 12 ಕೋಟಿ ಆಗಿಬಿಡುತ್ತದೆ. ರೂಪಾಯಿಗೆ ಮಾತ್ರ ತರಲಿಲ್ಲ. ಎಷ್ಟೋ ವರ್ಷದ ಹಿಂದಿನ ಡಾಲರನ್ನು ಇವತ್ತಿನ ದರದಲ್ಲಿ ಲೆಕ್ಕ ಹಾಕಿದರೆ ಅದು ಯಾವ ಕಾಲದ ಮೊತ್ತವೂ ಆಗುವುದಿಲ್ಲ.

ಅಗ್ನಿಶಾಮಕ ಅಧಿಕಾರಿಯೊಬ್ಬರ ಮಾತನ್ನು ಕಾಪಿ ಹಾಗೆಯೇ ಉಲ್ಲೇಖಿಸಿತ್ತು. ‘ನಾವಿನ್ನೂ ಕಾಡಿನಿಂದ ಹೊರಬಂದಿಲ್ಲ’ ಎಂಬರ್ಥದ ಇಂಗ್ಲಿಷ್ ನುಡಿಗಟ್ಟು. ಬೇರೆ ಸುದ್ದಿಯಲ್ಲಾದರೆ ಇದು ನುಡಿಗಟ್ಟು ಅಂತ ಥಟ್ಟನೆ ಹೊಳೆಯುತ್ತದೆ. ಕಾಡ್ಗಿಚ್ಚಿನ ಸುದ್ದಿಯಲ್ಲಿ, ಸಿಬ್ಬಂದಿ ನಿಜವಾಗಿಯೂ ಕಾಡೊಳಗೆ ಸಿಕ್ಕಿಕೊಂಡಿದ್ದಾರೆ ಎಂದೇ ಓದಿಕೊಳ್ಳಬಹುದು. ಅವರು ಹೇಳಿದ್ದು ‘ಅಪಾಯ ಇನ್ನೂ ಕಳೆದಿಲ್ಲ’ ಎಂದಷ್ಟೇ. ‘ಗಂಡಾಂತರ’ ಎಂಬ ಪದ ನಾಲಿಗೆ ತುದಿಗೆ ಬಂದಿತ್ತು, ತಡೆದೆ. ಅದರಲ್ಲಿ ಗ್ರಹಗತಿಯ ವಾಸನೆ ಇದೆ. ಅವರು ಆಡದ ನಂಬಿಕೆಯನ್ನು ಅವರ ಬಾಯಿಗೆ ತುರುಕಿದ ಹಾಗಾಗುತ್ತದೆ. ನುಡಿಗಟ್ಟು ಬಿಚ್ಚಿದ ಮೇಲೆ ಉದ್ಧರಣ ಚಿಹ್ನೆಯನ್ನೂ ತೆಗೆದೆ. ಅರ್ಥ ಅವರದು, ಪದ ನನ್ನದು ಎಂದಾದಾಗ ‘ಎಂದು ಅವರು ಹೇಳಿದ್ದಾರೆ’ ಸಾಕು.

ಸಂಬಂಧದ ಪದಗಳು ಬೇರೆಯದೇ ತೊಡಕು. ಸತ್ತವರಲ್ಲಿ ಒಬ್ಬರ ‘ಬ್ರದರ್ ಇನ್ ಲಾ’ ಮಾತಾಡಿದ್ದರು. ಭಾವನೋ, ಮೈದುನನೋ, ಷಡ್ಡಕನೋ? ಕಾಪಿ ಹೇಳುವುದಿಲ್ಲ, ಊಹಿಸುವ ಹಕ್ಕು ನನಗಿಲ್ಲ. ‘ಸಂಬಂಧಿ’ ಎಂದು ಬರೆದೆ. ಸೋದರರಿಬ್ಬರ ವಯಸ್ಸು ಕೊಟ್ಟಿದ್ದರಿಂದ ಅಣ್ಣ ಯಾರು, ತಮ್ಮ ಯಾರು ಎಂದು ಧೈರ್ಯವಾಗಿ ಬರೆಯಲು ಆಯಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮೊದಲ ಪ್ಯಾರಾ. ಇಂಗ್ಲಿಷಿನಲ್ಲಿ ಅದು ಒಂದೇ ಉದ್ದ ವಾಕ್ಯ. ಸಾವು, ಸುಟ್ಟ ಪ್ರದೇಶ, ಬೆಂಕಿಗೆ ಕಾರಣ ಎಲ್ಲವೂ ಅದರಲ್ಲೇ. ಕೊನೆಗೆ ‘ಅಧಿಕಾರಿಗಳು ಹೇಳಿದ್ದಾರೆ’ ಎಂಬುದು ಇಡೀ ವಾಕ್ಯವನ್ನು ಹೊತ್ತು ನಿಂತಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಷ್ಟುದ್ದ ಎಳೆದರೆ ಓದುಗರಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ಮೂರು ತುಂಡು ಮಾಡಿದೆ. ತುಂಡು ಮಾಡಿದಾಗ ‘ಎಂದು ತಿಳಿಸಿದ್ದಾರೆ’ ಎಂಬುದು ಕೊನೆಯ ತುಂಡಿಗೆ ಮಾತ್ರ ಅಂಟಿಕೊಂಡಿತು. ನಡುವಿನದು ‘ವಿದ್ಯುತ್ ತಂತಿಯ ಕಿಡಿಯಿಂದ ಬೆಂಕಿ ಹೊತ್ತಿಕೊಂಡಿದೆ’ ಎಂದಾಗಿತ್ತು. ತನಿಖಾಧಿಕಾರಿಗಳ ಶಂಕೆ ನಮ್ಮ ಪತ್ರಿಕೆಯ ತೀರ್ಪಾಗಿಬಿಟ್ಟಿತ್ತು. ಯಾರಾದರೂ ಮೊಕದ್ದಮೆ ಹೂಡಿದರೆ ಉತ್ತರ ಕೊಡಬೇಕಾದವರು ನಾವು. ಈಗ ವಾಕ್ಯ ಕತ್ತರಿಸಿದಾಗಲೆಲ್ಲ ಪ್ರತಿ ತುಂಡಿನ ಮುಂದೆ ‘ಇದನ್ನು ಯಾರು ಹೇಳಿದ್ದು?’ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಆ ತುಂಡಿನೊಳಗೇ ಇರಬೇಕು.

ಇನ್ನು ದಿನ. ಆ ರಾಜ್ಯ ಬೇಸಿಗೆಯಲ್ಲಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಅಲ್ಲಿನ ಸೋಮವಾರ ರಾತ್ರಿ ಒಂಬತ್ತು ಅಂದರೆ ನಮಗೆ ಮಂಗಳವಾರ ಬೆಳಿಗ್ಗೆ ಎಂಟೂವರೆ. ಹಾಗಾಗಿ ‘ನಿನ್ನೆ’ ಎಂಬ ಪದವನ್ನು ಮುಟ್ಟಲೇ ಇಲ್ಲ.

ಪುಟ ಹೋಗುವ ಹೊತ್ತಿಗೆ ಏಜೆನ್ಸಿ ಹೊಸ ಕಾಪಿ ಕಳಿಸಿತ್ತು. ಸಾವಿನ ಸಂಖ್ಯೆ ಎರಡರಿಂದ ಮೂರಕ್ಕೆ ಏರಿತ್ತು. ಲೀಡ್‌ನಲ್ಲಿ, ಅಂದರೆ ಆ ಮೊದಲ ಪ್ಯಾರಾದಲ್ಲಿ ತಿದ್ದಿದೆ, ಶೀರ್ಷಿಕೆಯಲ್ಲಿ ತಿದ್ದಿದೆ, ಚಿತ್ರದ ಅಡಿಬರಹದಲ್ಲೂ ಹುಡುಕಿ ತಿದ್ದಿದೆ. ಅಚ್ಚಾದ ಲೀಡ್ ಹೀಗಿತ್ತು:

‘ಅಮೆರಿಕದ ಪಶ್ಚಿಮ ಭಾಗದಲ್ಲಿ ಶನಿವಾರ ಹೊತ್ತಿಕೊಂಡ ಕಾಡ್ಗಿಚ್ಚು ಸೋಮವಾರ ರಾತ್ರಿ (ಸ್ಥಳೀಯ ಕಾಲಮಾನ) ಊರೊಂದಕ್ಕೆ ನುಗ್ಗಿದ್ದು, ಕನಿಷ್ಠ ಮೂವರು ಮೃತಪಟ್ಟಿದ್ದಾರೆ ಎಂದು ಅಗ್ನಿಶಾಮಕ ಅಧಿಕಾರಿಗಳು ತಿಳಿಸಿದ್ದಾರೆ. ಅವರ ಪ್ರಕಾರ 25 ಸಾವಿರ ಎಕರೆ ಸುಟ್ಟಿದೆ. ವಿದ್ಯುತ್ ತಂತಿಯ ಕಿಡಿ ಇದಕ್ಕೆ ಕಾರಣ ಇರಬಹುದು ಎಂದು ತನಿಖಾಧಿಕಾರಿಗಳು ಶಂಕಿಸಿದ್ದಾರೆ.’