ಗಣಿತದ ಭಯ, ಗೆಳತಿಯ ಪಾಠ: ನನ್ನ ಸಂಶೋಧನಾ ಪ್ರಸ್ತಾವನೆ ಬರೆದ ಬಗೆ

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಟೀಚರ್. ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಏಳನೇ ತರಗತಿಯ ಹುಡುಗಿಯರು ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಟ್ಟರೆ ಗಣಿತದ ಭಯ ಕಮ್ಮಿಯಾಗುತ್ತದಾ ಅನ್ನೋದು ನನ್ನ ವಿಷಯ. ಪ್ರಸ್ತಾವನೆ ಬರೆಯಲು ಕೂತಾಗ ಕಷ್ಟವೆಲ್ಲ ಒಂದೇ ಕಡೆ ಬಂದು ನಿಂತಿತು. ಭಯ ಇಳಿದರೆ, ಅದು ಗೆಳತಿ ಹೇಳಿಕೊಟ್ಟಿದ್ದರಿಂದಲೇ ಇಳಿಯಿತು ಅಂತ ಹೇಗೆ ಹೇಳೋದು?

ಮೊದಲು ಭಯವನ್ನು ಅಳೆಯಬೇಕಲ್ವಾ. 1972ರ ಹಳೆಯ ಮಾಪನದಲ್ಲಿ 98 ಪ್ರಶ್ನೆಗಳಿವೆ. ನಮ್ಮ ಮಕ್ಕಳ ಕೈಗೆ ಅದನ್ನು ಕೊಡುವಂತಿಲ್ಲ. 2003ರಲ್ಲಿ ಸಂಶೋಧಕ ಹೊಪ್ಕೊ ಮತ್ತು ಜೊತೆಯವರು 9 ಪ್ರಶ್ನೆಗಳ ಚಿಕ್ಕ ಮಾಪನ ಮಾಡಿದರು. ಪ್ರತಿ ಪ್ರಶ್ನೆಗೆ 1ರಿಂದ 5, ಅಂದರೆ ಒಟ್ಟು 9ರಿಂದ 45. ಆಮೇಲೆ ಬ್ರಿಟನ್ನಿನಲ್ಲಿ ಅದನ್ನೇ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ನಾನು ಹಿಡಿದದ್ದು ಆ ತಿದ್ದಿದ ರೂಪವನ್ನು.

ಅದನ್ನು ಕನ್ನಡಕ್ಕೆ ತರುವಾಗ ಎರಡು ಪ್ರಶ್ನೆಗಳ ಮೇಲೆ ನನ್ನ ಕಣ್ಣು ಬಿತ್ತು. ಒಂದು, ಇನ್ನೊಬ್ಬ ವಿದ್ಯಾರ್ಥಿ ಲೆಕ್ಕ ವಿವರಿಸುವುದನ್ನು ಕೇಳುವಾಗ ಎಷ್ಟು ಭಯ ಆಗುತ್ತದೆ ಅನ್ನೋದು. ನನ್ನ ಪ್ರಯೋಗದಲ್ಲಿ ಹುಡುಗಿಯರು ದಿನವೂ ಮಾಡೋದೇ ಅದು! ಎಂಟು ವಾರ ರೂಢಿಯಾದ ಮೇಲೆ ಆ ಪ್ರಶ್ನೆಯ ಅಂಕ ಹೇಗೂ ಇಳಿಯುತ್ತದೆ. ಇನ್ನೊಂದು, ಒಬ್ಬಳೇ ಕೂತು ವರ್ಕ್‌ಶೀಟ್ ಮಾಡುವಾಗ ಎಷ್ಟು ಭಯ ಅನ್ನೋದು. ಹೋಲಿಕೆಗೆ ಇಟ್ಟ ಗುಂಪು ಮಾಡೋದು ಇದನ್ನೇ. ಅಂದರೆ ಎರಡೂ ಪ್ರಶ್ನೆಗಳಿಗೆ ಪ್ರಯೋಗದ ಅಭ್ಯಾಸವೇ ಅಂಟಿಕೊಂಡಿದೆ. ತೆಗೆದುಹಾಕಿದರೆ ಮಾಪನ ಮುರಿಯುತ್ತದೆ, ಬೇರೆಯವರ ಫಲಿತಾಂಶದ ಜೊತೆ ಹೋಲಿಸಲು ಆಗಲ್ಲ. ಹಾಗಾಗಿ 9 ಪ್ರಶ್ನೆಗಳ ಲೆಕ್ಕವನ್ನೂ, ಇವೆರಡನ್ನು ಬಿಟ್ಟ 7 ಪ್ರಶ್ನೆಗಳ ಲೆಕ್ಕವನ್ನೂ ಕೊಡುತ್ತೇನೆ ಅಂತ ಮೊದಲೇ ಬರೆದಿಟ್ಟೆ. 9ರಲ್ಲಿ ಭಯ ಇಳಿದು 7ರಲ್ಲಿ ಇಳಿಯದಿದ್ದರೆ, ಮಕ್ಕಳಿಗೆ ಬರೀ ರೂಢಿಯಾಗಿದೆ ಅಷ್ಟೇ.

ನಮ್ಮ ಹುಡುಗಿಯರ ದೊಡ್ಡ ಭಯ ಬೋರ್ಡ್ ಹತ್ತಿರ ಹೋಗಿ ಎಲ್ಲರೆದುರು ಲೆಕ್ಕ ಮಾಡುವುದು. ಅದು ಈ ಮಾಪನದಲ್ಲಿ ಇಲ್ಲವೇ ಇಲ್ಲ. ಅದಕ್ಕಾಗಿ ಬೇರೆ ಎರಡು ಪ್ರಶ್ನೆ ಸೇರಿಸಿದೆ, ಆದರೆ ಒಟ್ಟು ಅಂಕಕ್ಕೆ ಕೂಡಿಸಲ್ಲ.

ಯಾರನ್ನು ಆರಿಸಬೇಕು ಅನ್ನುವ ಮಾತು ಬಂದಾಗ ಗೈಡ್ ಹೇಳಿದರು: "ಭಯ ಜಾಸ್ತಿ ಇರೋರನ್ನು ಮಾತ್ರ ತಗೊಳ್ಳಿ, ಫಲಿತಾಂಶ ಚೆನ್ನಾಗಿ ಕಾಣುತ್ತೆ." ಕಾಣುತ್ತದೆ, ನಿಜ. ತೊಂದರೆ ಇರೋದೂ ಅಲ್ಲೇ. ಮೊದಲ ಸಲ 40 ಬಂದವಳು ಅವತ್ತು ಮನೆಯಲ್ಲಿ ಬೈಸಿಕೊಂಡು ಬಂದಿರಬಹುದು. ಎರಡನೇ ಸಲ ಏನೂ ಮಾಡದೆಯೂ 36 ಬರಬಹುದು. ತುತ್ತತುದಿಯವರನ್ನು ಮಾತ್ರ ಆರಿಸಿದರೆ ಇಂಥ ಇಳಿಕೆ ತಾನಾಗಿಯೇ ಬರುತ್ತದೆ. ಹೋಲಿಕೆಯ ಗುಂಪು ಇದ್ದರೆ ಇದು ಎರಡೂ ಕಡೆ ಸಮ ಆಗುತ್ತದೆ ಅನ್ನಿ. ಆದರೂ ಜೋಡಿ ಮಾಡಲು ಎಲ್ಲ ಬಗೆಯ ಮಕ್ಕಳೂ ಬೇಕು. "ಸರ್, ತರಗತಿಯ ಎಲ್ಲ ಹುಡುಗಿಯರನ್ನೂ ತಗೊಳ್ತೀನಿ" ಅಂದೆ. ಒಪ್ಪಿದರು.

ಮುಂದಿನದು ಹೋಲಿಕೆಯ ಗುಂಪು. ಒಂದು ಶಾಲೆಗೆ ಜೋಡಿ ಪಾಠ, ಇನ್ನೊಂದು ಶಾಲೆಗೆ ಏನೂ ಇಲ್ಲ ಅಂತ ಮಾಡುವವರು ಜಾಸ್ತಿ. ಸುಲಭವೂ ಹೌದು. ಆದರೆ ಆ ಶಾಲೆಯ ಟೀಚರ್ ಬೈಯುವವರಾಗಿದ್ದು, ಈ ಶಾಲೆಯವರು ನಗುತ್ತಾ ಕಲಿಸುವವರಾಗಿದ್ದರೆ? ವ್ಯತ್ಯಾಸ ಟೀಚರದ್ದೋ ಪಾಠದ್ದೋ ತಿಳಿಯಲ್ಲ. ಅದಕ್ಕೆ ಪ್ರತಿ ಶಾಲೆಯೊಳಗೇ ಚೀಟಿ ಎತ್ತಿ ಅರ್ಧ ಮಕ್ಕಳನ್ನು ಜೋಡಿ ಪಾಠಕ್ಕೆ, ಉಳಿದರ್ಧವನ್ನು ಪಕ್ಕದ ಕೋಣೆಗೆ ಹಾಕುವ ಯೋಜನೆ ಮಾಡಿದೆ. ಪಕ್ಕದ ಕೋಣೆಯವರಿಗೂ ಅದೇ ವರ್ಕ್‌ಶೀಟ್, ಅದೇ ಮೂವತ್ತು ನಿಮಿಷ, ಆದರೆ ಒಬ್ಬೊಬ್ಬರೇ. ಇಲ್ಲದಿದ್ದರೆ ಭಯ ಇಳಿದದ್ದು ಬರೀ ಹೆಚ್ಚು ಅಭ್ಯಾಸದಿಂದ ಅಂತ ಯಾರಾದರೂ ಹೇಳಬಹುದು. ಬಿಡುವಿನಲ್ಲಿ ಎರಡೂ ಗುಂಪಿನವರು ಮಾತಾಡಿಕೊಳ್ಳುತ್ತಾರೆ, ತಡೆಯಲು ಆಗಲ್ಲ. ಅದನ್ನು ಮಿತಿ ಅಂತ ಬರೆದೆ. ಪ್ರಯೋಗ ಮುಗಿದ ಮೇಲೆ ಅವರಿಗೂ ಜೋಡಿ ಪಾಠ ಕೊಡುವ ಮಾತು ಪೋಷಕರ ಒಪ್ಪಿಗೆ ಪತ್ರದಲ್ಲಿದೆ.

ಎಷ್ಟು ಮಕ್ಕಳು? ಮಧ್ಯಮ ಪರಿಣಾಮವನ್ನು ಹಿಡಿಯಲು ಸಾಮಾನ್ಯ ಲೆಕ್ಕ ಗುಂಪಿಗೆ 64. ಮೊದಲ ಅಂಕವನ್ನು ಲೆಕ್ಕಕ್ಕೆ ತಗೊಂಡರೆ, ಮೊದಲ ಮತ್ತು ಕೊನೆಯ ಅಂಕಗಳ ಸಂಬಂಧ 0.6 ಅಂದುಕೊಂಡರೆ, 41 ಸಾಕು. ಆದರೆ ಒಂದು ಜೋಡಿಯ ಇಬ್ಬರು ಒಬ್ಬರನ್ನೊಬ್ಬರು ಹೋಲತೊಡಗುತ್ತಾರೆ, ಅವರನ್ನು ಪೂರ್ತಿ ಬೇರೆ ಬೇರೆ ಅಂತ ಎಣಿಸುವಂತಿಲ್ಲ. ಆ ಹೋಲಿಕೆ 0.2 ಅಂದುಕೊಂಡರೆ ಸುಮಾರು 50 ಬೇಕು. ಐದರಲ್ಲಿ ಒಬ್ಬಳು ಮಧ್ಯೆ ಬಿಟ್ಟರೂ ಸಾಲಬೇಕು ಅಂದರೆ 63. ಜೋಡಿಗೆ ಸಮಸಂಖ್ಯೆ ಬೇಕು ಅಂತ ಮತ್ತೆ 64ಕ್ಕೇ ಬಂದೆ!

ಒಬ್ಬಳೇ ಕಾಯಂ ಹೇಳಿಕೊಡುವವಳಾದರೆ ಜಾಣೆ, ದಡ್ಡಿ ಅನ್ನುವ ಹಣೆಪಟ್ಟಿ ಗಟ್ಟಿಯಾಗುತ್ತದೆ. ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಪಾತ್ರ ಬದಲು. ಹೇಳಿಕೊಡುವವಳ ಕೈಯಲ್ಲಿ ಒಂದು ಕಾರ್ಡ್. ಅದರಲ್ಲಿ ಉತ್ತರ, ಒಂದು ಸುಳಿವು. ಇದನ್ನು ನಮ್ಮ ಶಾಲೆಯಲ್ಲೇ ಸಣ್ಣದಾಗಿ ಮಾಡಿ ನೋಡಿದೆ. ಒಬ್ಬಳು 1/2 + 1/3 = 2/5 ಅಂತ ಬರೆದಳು. ಎದುರಿನವಳು ಕಾರ್ಡ್ ನೋಡಿ, "ಇಷ್ಟೂ ಗೊತ್ತಿಲ್ವಾ? 5/6 ಕಣೇ" ಅಂದು ಪೆನ್ಸಿಲ್ ಕಿತ್ತುಕೊಂಡು ತಾನೇ ಬರೆದಳು. ಥೇಟ್ ಟೀಚರ್! ಹೀಗಾದರೆ ಭಯ ಇಳಿಯೋದಿರಲಿ, ಏರುತ್ತದೆ.

ಆಮೇಲೆ ನಿಯಮ ಹಾಕಿದೆ: ಪೆನ್ಸಿಲ್ ಯಾವಾಗಲೂ ಕಲಿಯುವವಳ ಕೈಯಲ್ಲಿ. ಹೇಳಿಕೊಡುವವಳು ಉತ್ತರ ಹೇಳುವ ಬದಲು ಕಾರ್ಡಿನ ಸುಳಿವನ್ನು ಪ್ರಶ್ನೆಯಾಗಿ ಕೇಳಬೇಕು. ಈ ಲೆಕ್ಕಕ್ಕೆ ಸುಳಿವು ಹೀಗೆ: "2/5 ಅರ್ಧಕ್ಕಿಂತ ಜಾಸ್ತಿನಾ, ಕಮ್ಮಿನಾ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಕಮ್ಮಿ ಆಗುತ್ತಾ?" ಆಮೇಲೆ ಒಂದೇ ಉದ್ದದ ಎರಡು ಕಾಗದದ ಪಟ್ಟಿ ತಗೊಂಡು, ಎರಡರಲ್ಲೂ ಆರು ಸಮ ಭಾಗ ಮಾಡಿ, ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು ಭಾಗ ಬಣ್ಣ ಹಚ್ಚುವುದು. ಈಗ ನನ್ನ ವೀಕ್ಷಣಾ ಪಟ್ಟಿಯ ಮೊದಲ ಸಾಲೇ "ಪೆನ್ಸಿಲ್ ಯಾರ ಕೈಯಲ್ಲಿದೆ?" ಅನ್ನೋದು. ಜೋಡಿ ಪಾಠ ನಿಜಕ್ಕೂ ನಡೆಯುತ್ತಿದೆಯಾ ಅಂತ ದೂರದಿಂದ ನೋಡಿದರೂ ತಿಳಿಯುತ್ತದೆ.

ವೇಳೆ ವಾರಕ್ಕೆ ಮೂರು ದಿನ, ಎಂಟು ವಾರ, ದಸರಾ ರಜೆ ಮುಗಿದ ಮೇಲೆ. ಶಾಲೆ ಬಿಟ್ಟ ಮೇಲೆ ಬೇಡ ಅಂತ ಗಟ್ಟಿಯಾಗಿ ಬರೆದೆ. ಹುಡುಗಿಯರಿಗೆ ಬಸ್ಸಿದೆ, ಮನೆಗೆಲಸವಿದೆ. ಬರದೇ ಹೋಗುವವರು ಹೆಚ್ಚಾಗಿ ಅವರೇ, ಅವರು ಬಿಟ್ಟರೆ ಫಲಿತಾಂಶವೇ ವಾಲುತ್ತದೆ. ಕೊನೆಯ ಅಳತೆಯನ್ನು ಪರೀಕ್ಷೆಯ ಹತ್ತಿರ ಇಡಲ್ಲ, ಆಗ ಎಲ್ಲರಿಗೂ ಭಯ ಏರಿರುತ್ತದೆ.

ಸಮಿತಿಯವರು ಒಂದು ಪ್ರಶ್ನೆ ಹೆಚ್ಚು ಹೊತ್ತು ಕೇಳಿದರು: "ಒಟ್ಟು ಅಂಕ ಒಂದನ್ನೇ ಕೊಟ್ಟರೆ ಸಾಲದಾ ಮೇಡಂ?" ಸಾಲದು ಅಂದೆ. ಈ ಮಾಪನದಲ್ಲಿ ಎರಡು ಭಾಗವಿದೆ. ಐದು ಪ್ರಶ್ನೆ ಕಲಿಯುವಾಗಿನ ಭಯದ್ದು, ನಾಲ್ಕು ಪರೀಕ್ಷೆಯ ಭಯದ್ದು. ಜೋಡಿ ಪಾಠದಲ್ಲಿ ಅಂಕ ಹಾಕುವವರಿಲ್ಲ, ಗಡಿಯಾರದ ಒತ್ತಡ ಇಲ್ಲ. ಹಾಗಾಗಿ ಮೊದಲನೆಯದು ಇಳಿಯಬೇಕು. ಎರಡನೆಯದು ಇಳಿಯುತ್ತದೆ ಅಂತ ನಂಬಲು ನನ್ನ ಹತ್ತಿರ ಕಾರಣವಿಲ್ಲ. ಹಾಗೆಂದೇ ಪ್ರಸ್ತಾವನೆಯಲ್ಲಿ ಬರೆದಿದ್ದೇನೆ, ಎರಡನ್ನೂ ಬೇರೆ ಬೇರೆ ಕೋಷ್ಟಕದಲ್ಲಿ ಕೊಡುತ್ತೇನೆ.