ರಾತ್ರಿ ಪಾಳಿಯವರು ಬಿಪಿ ಅಳೆದುಕೊಳ್ಳುವುದು ಮತ್ತು ಇಳಿಸಿಕೊಳ್ಳುವುದು ಹೇಗೆ?

ಕಾರ್ಖಾನೆಯಲ್ಲಿ ಯಂತ್ರ ನಡೆಸುವ 44 ವರ್ಷದ ಒಬ್ಬರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ವಾರದಲ್ಲಿ ಆರು ದಿನ ರಾತ್ರಿ 10ರಿಂದ ಬೆಳಗಿನ 6ರವರೆಗೆ ಅವರ ಪಾಳಿ. ಬದಲಿಯವರು ಬಾರದ ಎರಡು ದಿನ ಮಾತ್ರ 10 ಗಂಟೆಯವರೆಗೂ ನಿಲ್ಲಬೇಕಾಗುತ್ತದೆ. ರಜೆಯ ದಿನ ಚೆನ್ನಾಗಿ ಮಲಗಿ ಎದ್ದು ವೈದ್ಯರ ಬಳಿಗೆ ಹೋದಾಗ ಅವರ ರಕ್ತದೊತ್ತಡ 128/82 ಇತ್ತು. ಏನೂ ತೊಂದರೆಯಿಲ್ಲ ಎಂದುಕೊಂಡು ಅವರು ಮನೆಗೆ ಬಂದರು. ಆ ಅಳತೆ ಸುಳ್ಳಲ್ಲ, ಆದರೆ ಅದು ಅವರ ರಜೆಯ ದಿನದ ಒತ್ತಡವೇ ಹೊರತು ಕೆಲಸದ ದಿನಗಳದ್ದಲ್ಲ. ಕ್ಲಿನಿಕ್ಕಿನಲ್ಲಿ ಸರಿಯಿದ್ದು ಉಳಿದ ಹೊತ್ತಿನಲ್ಲಿ ಏರಿರುವ ಇಂಥ ಒತ್ತಡ ಪಾಳಿಯ ಕೆಲಸಗಾರರಲ್ಲಿ ಸುಲಭವಾಗಿ ಕಣ್ತಪ್ಪಿ ಹೋಗುತ್ತದೆ.

ಏರುವುದೇಕೆ?

ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ರಕ್ತದೊತ್ತಡವು ಎಚ್ಚರದ ಹೊತ್ತಿಗಿಂತ ಶೇ 10ರಿಂದ 20ರಷ್ಟು ಇಳಿಯುತ್ತದೆ. ರಕ್ತನಾಳಗಳಿಗೂ ಹೃದಯಕ್ಕೂ ದಿನದಲ್ಲಿ ಸಿಗುವ ದೊಡ್ಡ ಬಿಡುವು ಇದೇ. ರಾತ್ರಿ ಪಾಳಿಯವರು ಬೆಳಕಿನಲ್ಲಿ, ಸದ್ದಿನಲ್ಲಿ, ತುಂಡುತುಂಡಾಗಿ ಮಲಗುತ್ತಾರೆ. ಹಗಲೆಂದರೆ ಎಚ್ಚರ ಎಂದು ದೇಹದ ಒಳಗಡಿಯಾರ ಆಗಲೂ ಹೇಳುತ್ತಲೇ ಇರುವುದರಿಂದ ಈ ಇಳಿತ ಅರೆಬರೆಯಾಗುತ್ತದೆ. ಕೆಲಸದ ಅವಧಿ ಉದ್ದವಾದಷ್ಟೂ ನಿದ್ದೆಯ ಹೊತ್ತು ಮತ್ತಷ್ಟು ಕುಗ್ಗುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜು ಮಾಡಿದ್ದವು. ನಮ್ಮ ಉದಾಹರಣೆಯವರ ಲೆಕ್ಕ ಹಾಕಿ ನೋಡಿ: ಎಂಟು ಗಂಟೆಯ ನಾಲ್ಕು ಪಾಳಿ, ಹನ್ನೆರಡು ಗಂಟೆಯ ಎರಡು ಪಾಳಿ, ಒಟ್ಟು 56 ಗಂಟೆ. ಅವರನ್ನು ಕೇಳಿದರೆ ‘ಮಾಮೂಲಿ ಡ್ಯೂಟಿ’ ಎಂದೇ ಹೇಳುತ್ತಾರೆ.

ಅಳೆಯಬೇಕಾದದ್ದು ನಿದ್ದೆಯ ಲೆಕ್ಕದಲ್ಲಿ

‘ಬೆಳಗ್ಗೆ ಮತ್ತು ಸಂಜೆ ಅಳೆಯಿರಿ’ ಎಂಬ ಸಾಮಾನ್ಯ ಸಲಹೆ ಹಗಲು ದುಡಿಯುವವರಿಗಾಗಿ ಹೇಳಿದ್ದು. ರಾತ್ರಿ ಪಾಳಿಯವರು ಅದನ್ನು ‘ಎದ್ದ ಮೇಲೆ ಮತ್ತು ಮಲಗುವ ಮೊದಲು’ ಎಂದು ಓದಿಕೊಳ್ಳಬೇಕು. ಎದ್ದು ಒಂದು ಗಂಟೆಯೊಳಗೆ, ಕಾಫಿ ಕುಡಿಯುವ ಮೊದಲೇ ಒಮ್ಮೆ, ಪಾಳಿ ಮುಗಿಸಿ ಬಂದು ಮಲಗುವ ಮುನ್ನ ಇನ್ನೊಮ್ಮೆ ಅಳೆಯಬೇಕು. ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಮಾಪಕವೇ ಇರಲಿ; ಮಣಿಕಟ್ಟಿನದ್ದು ಕೈ ಇಟ್ಟ ಎತ್ತರಕ್ಕೆ ತಕ್ಕಂತೆ ಸುಲಭವಾಗಿ ತಪ್ಪು ತೋರಿಸುತ್ತದೆ. ಮೂತ್ರ ವಿಸರ್ಜನೆ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಐದು ನಿಮಿಷ ಸುಮ್ಮನೆ ಕುಳಿತ ನಂತರ ಗುಂಡಿ ಒತ್ತಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಪಕ್ಕದಲ್ಲಿ ಅಂದಿನ ಪಾಳಿ ಯಾವುದು, ಎಷ್ಟು ಗಂಟೆ ನಿದ್ದೆಯಾಯಿತು ಎಂಬುದೂ ಇರಲಿ. ಪಾಳಿ ಮುಗಿಸಿ ಬಂದವರು ಶೂ ಬಿಚ್ಚುತ್ತಲೇ ಪಟ್ಟಿ ಸುತ್ತಿಕೊಳ್ಳುತ್ತಾರೆ. ಆಗ ಬರುವುದು ಮೆಟ್ಟಿಲು ಹತ್ತಿದ ಒತ್ತಡ, ಪಾಳಿಯದ್ದಲ್ಲ.

ಹೀಗೆ ಏಳು ದಿನ ಬರೆದು, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಮನೆಯ ಅಳತೆಯಲ್ಲಿ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಸಾಮಾನ್ಯವಾಗಿ ಅಧಿಕ ರಕ್ತದೊತ್ತಡವೆಂದು ಪರಿಗಣಿಸುತ್ತಾರೆ. ನಮ್ಮವರ ಸರಾಸರಿ ಎದ್ದಾಗ 138/88, ಮಲಗುವ ಮೊದಲು 146/92, ಒಟ್ಟು 142/90 ಬಂತು ಎಂದುಕೊಳ್ಳಿ. ಕ್ಲಿನಿಕ್ಕಿನ ಆ 128/82 ಯಾಕೆ ಸಾಲದು ಎಂಬುದು ಈಗ ಗೊತ್ತಾಗುತ್ತದೆ. ಈ ಪುಟವನ್ನು ವೈದ್ಯರಿಗೆ ತೋರಿಸಿದರೆ, ನಿದ್ದೆಯಲ್ಲಿ ಒತ್ತಡ ಇಳಿಯುತ್ತಿದೆಯೇ ಎಂದು ತಿಳಿಯಲು ಅವರು 24 ಗಂಟೆ ಮೈಮೇಲಿರುವ ಮಾಪಕವನ್ನು ಕಟ್ಟಬಹುದು. ಅದನ್ನು ಪಾಳಿಯಿರುವ ದಿನವೇ ಕಟ್ಟಿಸಿಕೊಳ್ಳಬೇಕು, ಮಲಗಿದ ಮತ್ತು ಎದ್ದ ಹೊತ್ತನ್ನು ಬರೆದು ಕೊಡಬೇಕು. ಇಲ್ಲವಾದರೆ ಹಗಲು 11ರ ನಿದ್ದೆಯನ್ನೂ ಯಂತ್ರ ಎಚ್ಚರವೆಂದೇ ಲೆಕ್ಕಕ್ಕೆ ಹಿಡಿಯುತ್ತದೆ.

ಮೇಲಿನ ಅಂಕಿ 180 ಅಥವಾ ಕೆಳಗಿನದು 120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲಿನ ಬಲಹೀನತೆ ಅಥವಾ ಕಣ್ಣು ಮಂಜಾಗುವುದು ಕಂಡರೆ ಸರಾಸರಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬದಲಾವಣೆ ಎಲ್ಲಿಂದ?

ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ನನ್ನ ಮಟ್ಟಿಗೆ ನಿದ್ದೆಯೇ ಮೊದಲು. ನಮ್ಮವರು 7ಕ್ಕೆ ಮಲಗಿ 11ಕ್ಕೆ ಎದ್ದು, ಮನೆಗೆಲಸ ಮುಗಿಸಿ ಸಂಜೆ ಅರ್ಧ ಗಂಟೆ ತೂಕಡಿಸುತ್ತಿದ್ದರು. ಬೆಳಗಿನ ಜಾವ 5ಕ್ಕೆ ನಿದ್ದೆ ತಡೆಯಲೆಂದು ಕುಡಿಯುತ್ತಿದ್ದ ಕಾಫಿಯೇ 7ಕ್ಕೆ ಬರಬೇಕಾದ ನಿದ್ದೆಯನ್ನು ಕೆಡಿಸುತ್ತಿತ್ತು, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಕೊನೆಯ ಕಾಫಿಯನ್ನು ರಾತ್ರಿ 1ಕ್ಕೆ ತಂದು, ಕಿಟಕಿಗೆ ದಪ್ಪ ಪರದೆ ಹಾಕಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಮಧ್ಯಾಹ್ನ 1.30ರವರೆಗೆ ಯಾರೂ ಎಬ್ಬಿಸಬಾರದೆಂದು ಮನೆಯವರಿಗೆ ಹೇಳಿದ್ದರಿಂದ ನಿದ್ದೆ ಆರೂವರೆ ಗಂಟೆಗೆ ಬಂತು. ಇಷ್ಟು ಮಲಗಿದರೂ ಆಯಾಸ ಹೋಗದೆ, ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟುತ್ತಿದ್ದರೆ ತಪ್ಪು ಪಾಳಿಯದ್ದಲ್ಲದಿರಬಹುದು. ನಿದ್ದೆಯ ಉಸಿರುಕಟ್ಟುವಿಕೆ ತಾನಾಗಿಯೇ ಒತ್ತಡ ಏರಿಸುವ ಕಾಯಿಲೆ. ಅದಕ್ಕೆ ಬೇರೆ ಚಿಕಿತ್ಸೆಯಿದೆ.

ಎರಡನೆಯದು ಪಾಳಿಯ ನಡುವಿನ ತಿಂಡಿ. ಆ ಹೊತ್ತಿಗೆ ಸುಲಭವಾಗಿ ಸಿಗುವುದು ಪೊಟ್ಟಣದ ಉಪ್ಪಿನ ತಿನಿಸು. ದಿನದ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕೆಂಬ ಮಿತಿಯನ್ನು ದಾಟಲು ಇದು ದಾರಿ ಮಾಡಿಕೊಡುತ್ತದೆ. ಮನೆಯಿಂದ ಬುತ್ತಿ ಕೊಂಡೊಯ್ಯುವುದು ಇದಕ್ಕೆ ಸರಳ ಪರಿಹಾರ. ತಲೆನೋವಿಗೆ ನುಂಗುವ ಐಬುಪ್ರೊಫೇನ್‌ನಂಥ ಮಾತ್ರೆಗಳೂ ಬಿಪಿ ಏರಿಸಬಲ್ಲವು. ಅವುಗಳನ್ನು ನುಂಗಿದ ದಿನ ಪುಸ್ತಕದಲ್ಲಿ ಗುರುತು ಹಾಕಿ.

ಕೆಲಸದ ಮಾನಸಿಕ ಒತ್ತಡ ಇವೆರಡಕ್ಕಿಂತ ಕಠಿಣ. ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದು ಇಂದಿಗೂ ಉಪಯುಕ್ತ: ಕೆಲಸ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಕಡಿಮೆಯಿದ್ದರೆ ಹಿಂಸೆ ಅತಿಯಾಗುತ್ತದೆ. ಹಾಗಾಗಿ ‘ಟೆನ್ಷನ್ ಮಾಡಿಕೊಳ್ಳಬೇಡಿ’ ಎನ್ನುವ ಸಲಹೆ ಅರ್ಥಹೀನ. ತಮ್ಮ ಕೈಗೆ ಬರಬಹುದಾದ ಒಂದು ವಿಷಯವನ್ನು ಹುಡುಕಬೇಕು. ನಮ್ಮವರ ಪುಸ್ತಕದಲ್ಲಿ ಅತಿ ಹೆಚ್ಚಿನ ಅಂಕಿಗಳೆಲ್ಲ ಬದಲಿಯವರು ಬಾರದ ದಿನಗಳವು. ಹೆಚ್ಚುವರಿ ನಾಲ್ಕು ಗಂಟೆಗಿಂತ, ನಿಲ್ಲಬೇಕೋ ಬೇಡವೋ ಎಂಬುದು 6ರವರೆಗೂ ತಿಳಿಯದಿರುವುದೇ ಅವರನ್ನು ಹೆಚ್ಚು ಕಾಡುತ್ತಿತ್ತು. ಹೆಚ್ಚುವರಿ ಪಾಳಿ ಯಾರದೆಂದು ವಾರದ ಮೊದಲೇ ಪಟ್ಟಿ ಮಾಡುವಂತೆ, ಅದು ವಾರಕ್ಕೆ ಒಂದನ್ನು ಮೀರದಂತೆ ಅವರು ಮೇಲ್ವಿಚಾರಕರನ್ನು ಲಿಖಿತವಾಗಿ ಕೇಳಿಕೊಂಡರು. ವಾರದ ದುಡಿಮೆ 52 ಗಂಟೆಗೆ ಇಳಿಯಿತು.

ಎರಡು ತಿಂಗಳ ನಂತರ ಅದೇ ರೀತಿ ಏಳು ದಿನ ಅಳೆದಾಗ ಸರಾಸರಿ 137/87. ಐದು ಅಂಕಿ ಇಳಿದದ್ದು ಸಣ್ಣದಲ್ಲ, ಆದರೂ ಮಿತಿಗಿಂತ ಮೇಲೆಯೇ ಇದೆ. ಅವರ ತಂದೆತಾಯಿಗೂ ಬಿಪಿ ಇದ್ದುದರಿಂದ ವೈದ್ಯರು ಕಡಿಮೆ ಪ್ರಮಾಣದ ಮಾತ್ರೆಯೊಂದನ್ನು ಬರೆದುಕೊಟ್ಟರು. ‘ಬೆಳಗ್ಗೆ ಒಂದು’ ಎಂದು ಚೀಟಿಯಲ್ಲಿದ್ದರೆ ಪಾಳಿಯವರು ಯಾವಾಗ ನುಂಗಬೇಕು? ಬಿಪಿ ಮಾತ್ರೆಯನ್ನು ಬೆಳಗ್ಗೆ ಅಥವಾ ರಾತ್ರಿ ತೆಗೆದುಕೊಳ್ಳುವುದರಿಂದ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸವಾಗದೆಂದು 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿದೆ, ಮರೆಯದಿರುವುದೇ ಮುಖ್ಯ. ವೈದ್ಯರನ್ನು ಕೇಳಿಯೇ ನಮ್ಮವರು ಮಧ್ಯಾಹ್ನ ಎದ್ದ ಮೇಲೆ, ಬಿಪಿ ಅಳೆದಾದ ನಂತರ ನುಂಗುತ್ತಾರೆ. ಮಾತ್ರೆಯ ಡಬ್ಬಿ ಮಾಪಕದ ಪೆಟ್ಟಿಗೆಯೊಳಗೇ ಇರುತ್ತದೆ.