ಅಂಗಳದ ಬೆಂಚಿಗೆ ತೇಗವೋ, ಟ್ರೀಟೆಡ್ ಪೈನೋ: ನನ್ನ ಅನುಭವ

ಮರದ ಅಂಗಡಿಗೆ ಹೋಗಿ "ಹೊರಗಡೆ ಇಡೋಕೆ ಯಾವ ಮರ ಒಳ್ಳೇದು?" ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಕಡೆ "ತೇಗ ತಗೊಳ್ಳಿ ಸಾರ್, ಯೋಚನೆ ಬೇಡ" ಅನ್ನುತ್ತಾರೆ. ತೇಗ ಇಟ್ಟುಕೊಳ್ಳದ ಅಂಗಡಿಯವರು "ಪೈನ್ ತಗೊಳ್ಳಿ, ಟ್ರೀಟ್ ಆಗಿದೆ" ಅನ್ನುತ್ತಾರೆ. ಎರಡೂ ಅರ್ಧ ಸತ್ಯ. ಯಾವ ತೇಗ, ಯಾವ ಟ್ರೀಟ್‌ಮೆಂಟ್ ಅನ್ನುವುದರ ಮೇಲೆ ಉಳಿದರ್ಧ ನಿಂತಿದೆ.

ನಮ್ಮದು ಕೊಪ್ಪದ ಕಡೆ. ಮಳೆ ಹಿಡಿಯಿತು ಅಂದರೆ ವಾರಗಟ್ಟಲೆ ಮರ ಒಣಗುವುದಿಲ್ಲ. ಅಂಗಳದ ಅಂಚಿನಿಂದಲೇ ಅಡಿಕೆ ತೋಟ ಶುರುವಾಗುತ್ತದೆ, ಅಲ್ಲಿ ಗೆದ್ದಲಿನ ಹುತ್ತಕ್ಕೆ ಬರವಿಲ್ಲ. ಮಾಡಿನ ಹೊರಗೆ, ವರ್ಷವಿಡೀ ಅಲ್ಲೇ ಇರುವ ಐದಡಿ ಉದ್ದದ ಒರಗು ಬೆಂಚು ಮಾಡಬೇಕಿತ್ತು. ಮರಗೆಲಸ ನನಗೆ ಗೊತ್ತು. ಜಾಯಿಂಟ್ ಕೂರಿಸುವಾಗ ಮಾತ್ರ ಊರಿನ ಆಚಾರ್ರು ಜೊತೆಗಿರುತ್ತಾರೆ.

ಮರ ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಮರದ ಸಂಶೋಧನೆ ಮಾಡುವವರು ಕಡ್ಡಿಗಳನ್ನು ನೆಲದಲ್ಲಿ ಅರ್ಧ ಹೂತು ವರ್ಷಗಟ್ಟಲೆ ನೋಡುತ್ತಾರೆ. ಅದೇ ಕೆಲಸ, ಒಂದೇ ಮಳೆಗಾಲದ ಮಟ್ಟಿಗೆ. ನಾಲ್ಕು ಬಗೆಯ ತುಂಡು ತಗೊಂಡೆ: ತೇಗದ ತಿರುಳು, ಅದೇ ತೇಗದ ಹೊರಗಿನ ಬಿಳಿ ಭಾಗ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಮತ್ತೆ ಹಸಿರು ಬಣ್ಣ ತಿರುಗಿದ ಟ್ರೀಟೆಡ್ ಪೈನ್. ತೋಟದ ಅಂಚಿನಲ್ಲಿ ಎಲ್ಲವನ್ನೂ ಅರ್ಧ ಹೂತಿಟ್ಟೆ.

ಮಳೆ ಮುಗಿದ ಮೇಲೆ ಕಿತ್ತಾಗ ಪೆಟ್ಟಿಗೆಯ ಪೈನ್ ನೋಡಲು ಸರಿಯಾಗೇ ಇತ್ತು. ಹೆಬ್ಬೆರಳಲ್ಲಿ ಒತ್ತಿದೆ, ಹಪ್ಪಳದ ಹಾಗೆ ಮುರಿಯಿತು. ಒಳಗೆ ಮರವೇ ಇಲ್ಲ, ಬರೀ ಮಣ್ಣು. ತೇಗದ ಬಿಳಿ ಭಾಗವನ್ನೂ ಗೆದ್ದಲು ತಿಂದಿತ್ತು. ಒಂದು ತುಂಡಿನ ಅಂಚಲ್ಲಿ ಒಂದಿಷ್ಟು ತಿರುಳು ಸೇರಿಕೊಂಡಿತ್ತು. ಗೆದ್ದಲು ಸರಿಯಾಗಿ ಆ ಗೆರೆಯ ತನಕ ತಿಂದು ನಿಲ್ಲಿಸಿತ್ತು, ಅಳತೆ ಹಿಡಿದು ಕುಯ್ದಂತೆ. ಬರೀ ತಿರುಳಿನ ತುಂಡಿನ ಮೇಲೆ ಮಣ್ಣಿನ ದಾರಿ ಹತ್ತಿತ್ತು, ಒರೆಸಿದರೆ ಕೆಳಗೆ ಮೈ ಗಟ್ಟಿ. ಟ್ರೀಟೆಡ್ ಪೈನ್ ಕೂಡ ನಿಂತಿತ್ತು, ಆದರೆ ನಾನು ಗರಗಸದಿಂದ ಕತ್ತರಿಸಿದ್ದ ತುದಿಯ ನಡುಭಾಗ ಮೆತ್ತಗಾಗಿ ಕೊರೆದುಹೋಗಿತ್ತು.

ಒಂದು ಮಳೆಗಾಲದಲ್ಲಿ ಮರದ ಆಯಸ್ಸು ಗೊತ್ತಾಗುವುದಿಲ್ಲ, ನಿಜ. ಆದರೆ ಯಾವುದನ್ನು ಬಿಡಬೇಕು ಅನ್ನುವುದು ಗೊತ್ತಾಯಿತು.

ತೇಗ ಬಾಳಿಕೆ ಬರುವುದು ಅದರ ತಿರುಳಿನಲ್ಲಿರುವ ಎಣ್ಣೆಯಂಥ ಅಂಶಗಳಿಂದ. ಅದರಲ್ಲಿ ಟೆಕ್ಟೋಕ್ವಿನೋನ್ ಅನ್ನುವುದು ಗೆದ್ದಲಿಗೆ ಆಗದು. ಮರ ಬೆಳೆಯುತ್ತ ಒಳಭಾಗ ತಿರುಳಾಗಿ ತಿರುಗುವಾಗ ಈ ಅಂಶ ಅಲ್ಲಿ ತುಂಬಿಕೊಳ್ಳುತ್ತದೆ. ಹೊರಗಿನ ಬಿಳಿ ಭಾಗದಲ್ಲಿ ಅದು ಇರುವುದಿಲ್ಲ. ಹಾಗಾಗಿ ಆ ಬಿಳಿ, ಬಾಳಿಕೆಯ ಲೆಕ್ಕದಲ್ಲಿ, ಸಾಮಾನ್ಯ ಮರವೇ. ಚಿಕ್ಕ ವಯಸ್ಸಿನ ಪ್ಲಾಂಟೇಶನ್ ತೇಗದಲ್ಲಿ ಬಿಳಿ ಜಾಸ್ತಿ, ತಿರುಳೂ ಹಳೇ ಕಾಡು ಮರದಷ್ಟು ಬಲಿತಿರುವುದಿಲ್ಲ. ಪಕ್ಕದ ತೋಟದವರು "ನಮ್ಮದೇ ತೇಗ ಇದೆ ಮಾರಾಯ, ಕುಯ್ಸಿ ಕೊಡ್ತೀನಿ" ಅಂದರು. ಮರ ನೋಡಿದರೆ ತೊಡೆ ದಪ್ಪ. ಅಂಥದ್ದನ್ನು ಕುಯ್ದರೆ ನಾಲ್ಕೂ ಬದಿಗೆ ಬಿಳಿ, ನಡುವೆ ಕೈಯಗಲ ತಿರುಳು. ಸ್ವಂತ ಜಮೀನಿನ ತೇಗವಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ಪಾಸು ಬೇಕು. ಬೇಡ ಅಂದೆ.

ಇನ್ನು ಪೈನ್. ಇದಕ್ಕೆ ಹುಟ್ಟಾ ಬಂದ ಶಕ್ತಿ ಏನೂ ಇಲ್ಲ, ಎಲ್ಲವೂ ಹೊರಗಿನಿಂದ ತುಂಬಿಸಿದ್ದು. ಗೊಂದಲ ಇರುವುದು ಇಲ್ಲೇ, ಯಾಕೆಂದರೆ ನಮ್ಮಲ್ಲಿ ಮೂರು ಬೇರೆ ಬೇರೆ ವಸ್ತುವಿಗೆ "ಟ್ರೀಟೆಡ್" ಅನ್ನುತ್ತಾರೆ.

ಒಂದು, ಪ್ಯಾಲೆಟ್ ಮತ್ತು ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್. ಅದರ ಮೇಲೆ ಗೋಧಿ ತೆನೆಯ ಚಿತ್ರದ ಪಕ್ಕ HT ಅಂತ ಮುದ್ರೆ ಇರುತ್ತದೆ. ಮರದ ನಡುಭಾಗ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಿದೆ ಅಂತ ಅದರ ಅರ್ಥ. ದೇಶದಿಂದ ದೇಶಕ್ಕೆ ಹುಳ ಹೋಗದಿರಲಿ ಅಂತ ಮಾಡುವುದು ಅದು. ಆಗ ಒಳಗಿದ್ದ ಹುಳ ಸಾಯುತ್ತದೆ, ನಾಳೆ ಬರುವ ಗೆದ್ದಲಿಗೆ ಅದರಿಂದ ಏನೂ ಆಗುವುದಿಲ್ಲ. ಒಬ್ಬ ಅಂಗಡಿಯವರು ಇದೇ ಮುದ್ರೆ ತೋರಿಸಿ "ನೋಡಿ, ಟ್ರೀಟೆಡ್ಡು" ಅಂದಿದ್ದರು. ನನ್ನ ಪರೀಕ್ಷೆಯಲ್ಲಿ ಮುರಿದುಬಿದ್ದದ್ದು ಈ ಮರವೇ.

ಎರಡನೆಯದು ಬೋರಾಕ್ಸ್, ಬೋರಿಕ್ ಆಸಿಡ್ ಕುಡಿಸಿದ ಮರ. ಮನೆಯೊಳಗೆ ಹುಳಕ್ಕೆ ಒಳ್ಳೆಯದು. ಆದರೆ ಬೋರಾನ್ ನೀರಿಗೆ ಕರಗುತ್ತದೆ. ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ.

ಹೊರಗಡೆಗೆ ಬೇಕಾದದ್ದು ಮೂರನೆಯದು. ಮರವನ್ನು ಸಿಲಿಂಡರಿನಲ್ಲಿ ಹಾಕಿ, ಗಾಳಿ ಎಳೆದು, ಒತ್ತಡದಲ್ಲಿ ತಾಮ್ರದ ದ್ರಾವಣ ನುಗ್ಗಿಸಿದ್ದು. ತಿಳಿ ಹಸಿರು ಬಣ್ಣ ಬರುವುದು ಆ ತಾಮ್ರದಿಂದ. ಇದರಲ್ಲೂ ಕೇಳಿ ತಿಳಿಯಬೇಕಾದ ಒಂದು ವಿಷಯ ಇದೆ. ಸಿಸಿಎ ಅನ್ನುವ ದ್ರಾವಣದಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರುತ್ತದೆ. ಬೇಲಿ ಕಂಬಕ್ಕೆ ಗಟ್ಟಿಮುಟ್ಟು, ಆದರೆ ಬರಿ ತೋಳು ಊರುವ, ಮಕ್ಕಳು ತಿಂಡಿ ಇಟ್ಟು ತಿನ್ನುವ ಬೆಂಚಿಗೆ ನಾನಂತೂ ಹಾಕುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2006ರಿಂದ ಹೊಸ ಗಾರ್ಡನ್ ಪೀಠೋಪಕರಣಗಳಿಗೆ ಅದನ್ನು ಬಳಸುವಂತಿಲ್ಲ. ಎಸಿಕ್ಯು ಅಥವಾ ಕಾಪರ್ ಅಜೋಲ್ ಅನ್ನುವ ದ್ರಾವಣ ಹಾಕಿದ್ದಾದರೆ ಆರ್ಸೆನಿಕ್ ಇಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕಡೆಯಿಂದ ಬರುವ ಪೈನ್ ಮೇಲೆ H3, H4 ಅಂತ ಗುರುತಿರುತ್ತದೆ. H3 ಅಂದರೆ ಮಳೆಗೆ ಸಿಕ್ಕರೂ ನೆಲ ಮುಟ್ಟದ ಕಡೆಗೆ, H4 ಅಂದರೆ ಮಣ್ಣು ತಾಗುವ ಕಡೆಗೆ. ಗುರುತೂ ಇಲ್ಲ, ಬಿಲ್ಲಲ್ಲಿ ಯಾವ ಔಷಧಿ ಅಂತಲೂ ಬರೆದುಕೊಡುವುದಿಲ್ಲ ಅಂದರೆ ಆ ಅಂಗಡಿ ಬಿಟ್ಟುಬಿಡಿ.

ಔಷಧಿ ಎಷ್ಟು ಒಳಗೆ ಹೋಗಿದೆ ಅಂತ ನೋಡಲು ತುದಿಯಿಂದ ಒಂದು ಗೇಣು ಬಿಟ್ಟು ಕತ್ತರಿಸಿ ಕೊಡಲು ಹೇಳಿ. ತುದಿಯಲ್ಲೇ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಅಲ್ಲಿ ದ್ರಾವಣ ಹೇಗಿದ್ದರೂ ಚೆನ್ನಾಗಿ ನುಗ್ಗಿರುತ್ತದೆ. ಕತ್ತರಿಸಿದ ಮುಖದ ತುಂಬ ಹಸಿರು ಇದ್ದರೆ ಒಳ್ಳೆಯ ಮಾಲು. ಸುತ್ತ ಮಾತ್ರ ಹಸಿರು ಗೆರೆ, ನಡುವೆ ಹಳದಿ ಇದ್ದರೆ, ಕತ್ತರಿಸಿದ, ತೂತು ಕೊರೆದ ಪ್ರತಿ ಜಾಗವೂ ಗೆದ್ದಲಿಗೆ ಬಾಗಿಲು. ನನ್ನ ತುಂಡಿನ ತುದಿ ಕೊರೆದುಹೋದದ್ದು ಇದಕ್ಕೇ.

ಈಗ ದುಡ್ಡಿನ ಲೆಕ್ಕ. ಮರವನ್ನು ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಅಗಲ ಇಂಚು, ದಪ್ಪ ಇಂಚು, ಉದ್ದ ಅಡಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ ಬರುತ್ತದೆ. ನನ್ನ ಬೆಂಚಿನ ಕಾಲು, ಅಡ್ಡಪಟ್ಟಿಗಳಿಗೆ ಸುಮಾರು 1.2, ಕೂರುವ ಮತ್ತು ಒರಗುವ ಪಟ್ಟಿಗಳಿಗೆ ಸುಮಾರು 0.8. ಉಜ್ಜಿ, ಕತ್ತರಿಸಿ ಹೋಗುವುದನ್ನೂ ಸೇರಿಸಿದರೆ ಎರಡೂವರೆ ಸಿಎಫ್‌ಟಿ ಬೇಕು.

ನಾನು ವಿಚಾರಿಸಿದಾಗ ಒಳ್ಳೆಯ ತಿರುಳಿನ ತೇಗಕ್ಕೆ ಸಿಎಫ್‌ಟಿಗೆ 4500 ರೂಪಾಯಿ ಹೇಳಿದರು. ಪ್ಲಾಂಟೇಶನ್ ತೇಗ 2800, ಒತ್ತಡದಲ್ಲಿ ಟ್ರೀಟ್ ಮಾಡಿದ ಪೈನ್ 1400. ನಿಮ್ಮೂರಲ್ಲಿ ದರ ಬೇರೆ ಇರಬಹುದು, ಲೆಕ್ಕದ ದಾರಿ ಮಾತ್ರ ಇದೇ. ತಿರುಳಿನ ತೇಗದಲ್ಲಾದರೆ ಮರಕ್ಕೆ 11,250. ಪ್ಲಾಂಟೇಶನ್ ತೇಗ ಅಗ್ಗ ಅನಿಸುತ್ತದೆ, ಆದರೆ ನಾನು ನೋಡಿದ ಹಲಗೆಗಳಲ್ಲಿ ಮೂರನೇ ಒಂದು ಭಾಗ ಬಿಳಿ. ಅದನ್ನು ತೆಗೆದು ಎಸೆಯಬೇಕಾದರೆ ಕೊಳ್ಳಬೇಕಾದದ್ದು 3.75 ಸಿಎಫ್‌ಟಿ, ಅಂದರೆ 10,500. ಉಳಿದದ್ದು ಬರೀ 750! ಪೈನಿನಲ್ಲಾದರೆ 3500.

ಆದರೆ ಆಚಾರ್ರ ಕೂಲಿ, ಸ್ಕ್ರೂ ಯಾವ ಮರಕ್ಕಾದರೂ ಅಷ್ಟೇ. ನನಗೆ ಆ ಖರ್ಚು 6700 ಆಗುವುದಿತ್ತು. ಅದನ್ನು ಸೇರಿಸಿದರೆ ತೇಗದ ಬೆಂಚು ಸುಮಾರು 18,000, ಪೈನಿನದ್ದು 10,200. ಮರದ ದರದಲ್ಲಿ ಮೂರು ಪಟ್ಟು ಕಂಡ ವ್ಯತ್ಯಾಸ ಎರಡು ಪಟ್ಟಿಗೂ ಕಡಿಮೆ ಆಯಿತು.

ಹೊರಗಿನ ಬೆಂಚು ಮೊದಲು ಹಾಳಾಗುವುದು ಕಾಲಿನ ಬುಡದಲ್ಲಿ, ಆಮೇಲೆ ನೀರು ಕೂರುವ ಜಾಯಿಂಟಿನಲ್ಲಿ. ಅವನ್ನು ಬದಲಿಸುವುದು ಅಂದರೆ ಬೆಂಚನ್ನೇ ಬಿಚ್ಚಿದಂತೆ. ಕೂರುವ ಪಟ್ಟಿ ಹಾಗಲ್ಲ, ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ಹಾಗಾಗಿ ಕಾಲು ಮತ್ತು ಅಡ್ಡಪಟ್ಟಿಗೆ ಬಿಳಿ ಇಲ್ಲದ ತೇಗದ ತಿರುಳು, ಪಟ್ಟಿಗಳಿಗೆ ಎಸಿಕ್ಯು ಪೈನ್ ಅಂತ ನಿರ್ಧರಿಸಿದೆ. ಒಂದೂವರೆ ಸಿಎಫ್‌ಟಿ ತೇಗ, ಒಂದು ಸಿಎಫ್‌ಟಿ ಪೈನ್. ಎಲ್ಲ ಸೇರಿ 15,000ದ ಆಸುಪಾಸು. ಆಚಾರ್ರಿಗೆ ಇದು ಹಿಡಿಸಲಿಲ್ಲ. "ಎರಡು ಜಾತಿ ಮರ ಸೇರಿಸಿದ್ರೆ ನೋಡೋಕೆ ಚಂದ ಇರಲ್ಲ, ಸುಮ್ನೆ ಪೂರ್ತಿ ತೇಗ ಹಾಕಿ" ಅಂದರು. ಚಂದದ ಮಾತು ನಿಜವೇ. ಬಿಸಿಲಿಗೆ ಎರಡೂ ಬೂದು ಬಣ್ಣಕ್ಕೆ ತಿರುಗುವ ತನಕ ಬೆಂಚು ಸ್ವಲ್ಪ ವಿಚಿತ್ರವಾಗೇ ಕಾಣುತ್ತಿತ್ತು.

ಪಟ್ಟಿಗಳ ನಡುವೆ ಕಿರುಬೆರಳಿನಷ್ಟು ಸಂದು ಬಿಟ್ಟೆ, ನೀರು ನಿಲ್ಲಬಾರದು. ಪೈನ್ ಕತ್ತರಿಸಿದ ಪ್ರತಿ ತುದಿಗೂ, ಪ್ರತಿ ತೂತಿಗೂ ಮಾರಾಟಗಾರರೇ ಕೊಟ್ಟ ತಾಮ್ರದ ದ್ರಾವಣವನ್ನು ಬ್ರಷ್‌ನಿಂದ ಎರಡು ಸಲ ಹಚ್ಚಿದೆ. ಸ್ಕ್ರೂ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಎಸಿಕ್ಯು ತಾಮ್ರ ಸಾದಾ ಕಬ್ಬಿಣವನ್ನು ಬೇಗ ತಿನ್ನುತ್ತದೆ, ತೇಗವೂ ಕಬ್ಬಿಣ ತಾಗಿದಲ್ಲಿ ಕಪ್ಪು ಕಲೆ ಬಿಡುತ್ತದೆ. ವಾರ್ನಿಶ್ ಹೊಡೆಯಲಿಲ್ಲ. ನಮ್ಮ ಮಳೆ ಬಿಸಿಲಿಗೆ ಅದು ಏಳುತ್ತದೆ, ಎದ್ದ ಪದರದ ಕೆಳಗೆ ನೀರು ಸಿಕ್ಕಿಕೊಳ್ಳುತ್ತದೆ.

ನಾಲ್ಕೂ ಕಾಲನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದೇನೆ. ತೇಗವನ್ನು ಗೆದ್ದಲು ತಿನ್ನದಿದ್ದರೂ ಅದರ ಮೇಲೆ ಮಣ್ಣಿನ ದಾರಿ ಕಟ್ಟಿ ಮೇಲಿನ ಪೈನಿಗೆ ಹೋಗಬಲ್ಲದು. ಕಲ್ಲಿದ್ದರೆ ಆ ದಾರಿ ಕಣ್ಣಿಗೆ ಬೀಳುತ್ತದೆ. ಕಂಡರೆ ಒಂದು ಇಂಚು ಒಡೆದು ಬಿಡಿ. ಮಾರನೇ ದಿನ ಮತ್ತೆ ಕಟ್ಟಿದ್ದರೆ ಒಳಗೆ ಓಡಾಟ ಇದೆ ಅಂತ ಅರ್ಥ. ಕೊಳೆ ನೋಡಲು ಮಳೆ ಬಿಟ್ಟ ಮೇಲೆ ಪಟ್ಟಿಯ ತುದಿಗೂ ಜಾಯಿಂಟಿಗೂ ಸ್ಕ್ರೂಡ್ರೈವರ್ ಚುಚ್ಚುತ್ತೇನೆ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ, ಕೊಳೆತದ್ದರಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ಇಲ್ಲಿಯ ತನಕ ತೇಗದಲ್ಲಿ ಏನೂ ಇಲ್ಲ. ಪೈನ್ ಪಟ್ಟಿಗಳಲ್ಲಿ ಬೇಸಿಗೆಗೆ ಉದ್ದುದ್ದ ಸಣ್ಣ ಸೀಳು ಬಂದಿದೆ. ನಡುಭಾಗದ ತನಕ ಹಸಿರಿರುವ ಮರವಾದ್ದರಿಂದ ತಲೆ ಕೆಡಿಸಿಕೊಂಡಿಲ್ಲ.

ಟ್ರೀಟೆಡ್ ಪೈನಿನ ಚೂರುಗಳನ್ನು ಬಚ್ಚಲೊಲೆಗೆ ಹಾಕಲೇಬೇಡಿ. ಎಸಿಕ್ಯು ಆದರೂ ಬೇಡ, ಸಿಸಿಎ ಅಂತೂ ಮುಟ್ಟಲೇಬೇಡಿ. ಹೊಗೆಯೂ ವಿಷ, ಆರ್ಸೆನಿಕ್ ಬೂದಿಯಲ್ಲಿ ಉಳಿಯುತ್ತದೆ, ಆ ಬೂದಿ ನಮ್ಮಲ್ಲಿ ಪಾತ್ರೆ ತಿಕ್ಕಲಿಕ್ಕೂ ಗಿಡದ ಬುಡಕ್ಕೂ ಹೋಗುತ್ತದೆ ಅಲ್ವಾ. ಕುಯ್ಯುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಹುಡಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ.

ಬೆಂಗಳೂರಿನ ಮೇಲಂತಸ್ತಿನ ಬಾಲ್ಕನಿಗೆ, ಮೇಲೆ ಸೂರು ಇರುವ ಕಡೆಗೆ, ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಕಾಲಿನ ಬುಡಕ್ಕೆ ಮಣ್ಣಿಲ್ಲ, ಮರ ನೆನೆದರೂ ಬೇಗ ಒಣಗುತ್ತದೆ. H3 ಗುರುತಿನ ಪೈನಿನಲ್ಲೇ ಪೂರ್ತಿ ಮಾಡಿ, ತೇಗದ ದುಡ್ಡು ಉಳಿಸಿಕೊಳ್ಳಿ.